ಕಣ್ಣೆದುರೇ ಕುಯ್ಸಿ ತಂದ ಮಟನ್ ಯಾಕೆ ರಬ್ಬರಾಗುತ್ತೆ?

ಪ್ರಶ್ನೆ: ಭಾನುವಾರ ಬೆಳಗ್ಗೆ ಎದುರಿಗೇ ನಿಂತು ಮರಿ ಕುಯ್ಸಿ ತರ್ತೀವಿ. ತಂದ ತಕ್ಷಣ ಕುಕ್ಕರಿಗೆ ಹಾಕಿ ಎಂಟು ವಿಸಲ್ ಕೂಗಿಸಿದ್ರೂ ತುಂಡು ರಬ್ಬರ್. ಅಂಗಡಿಯವನು ಮುದಿ ಆಡು ಕೊಟ್ಟನಾ?

ಉತ್ತರ: ನೀವೇ ನಿಂತು ನೋಡಿದ್ದೀರಲ್ಲ, ಅಂಗಡಿಯವನನ್ನು ಬೈಯಬೇಡಿ. ಕೆಟ್ಟದ್ದು ನಿಮ್ಮ ಅವಸರದಿಂದ.

ಪ್ರಾಣಿ ಸತ್ತ ಮೇಲೂ ಮಾಂಸಖಂಡ ಕೆಲವು ಗಂಟೆ ಸುಮ್ಮನಿರುವುದಿಲ್ಲ. ಕೂಡಿಟ್ಟಿದ್ದ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನನ್ನು ಆಮ್ಲಜನಕವಿಲ್ಲದೆಯೇ ಒಡೆದು, ಶಕ್ತಿ ಕೊಡುವ ಎಟಿಪಿ ಎಂಬ ಇಂಧನ ಮಾಡಿಕೊಳ್ಳುತ್ತಲೇ ಇರುತ್ತದೆ. ಆಗ ಹುಟ್ಟುವ ಲ್ಯಾಕ್ಟಿಕ್ ಆಮ್ಲದಿಂದ ಪಿಎಚ್ ಸುಮಾರು 7ರಿಂದ 5.6ರ ಹತ್ತಿರಕ್ಕೆ ಇಳಿಯುತ್ತದೆ. ಖಂಡದೊಳಗೆ ಒಂದರ ಮೇಲೊಂದು ಜಾರುವ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ಬಿಟ್ಟುಕೊಳ್ಳಲು ಎಟಿಪಿ ಬೇಕು. ಅದು ಮುಗಿದಾಗ ಎಳೆಗಳು ಕಚ್ಚಿಕೊಂಡು ಕೂರುತ್ತವೆ, ಕಾಲು ಮಡಿಸಿದರೆ ಮಡಿಯುವುದಿಲ್ಲ. ಹೀಗೆ ಸೆಟೆಯುವುದೇ ರಿಗರ್ ಮಾರ್ಟಿಸ್. ಆಡು, ಕುರಿಗಳಲ್ಲಿ ಇದು ಪೂರ್ತಿಯಾಗಲು ಅರ್ಧ ದಿನದಷ್ಟು ಬೇಕಾದೀತು. ಆಮೇಲೆ ಮಾಂಸದಲ್ಲೇ ಇರುವ ಕ್ಯಾಲ್ಪೇನ್ ಎಂಬ ಕಿಣ್ವಗಳು ಎಳೆಗಳ ಜೋಡಣೆಯನ್ನು ಮೆಲ್ಲಗೆ ಸಡಿಲಿಸುತ್ತವೆ. ಮೆದುವಾಗುವುದು ಆಗ.

ನೀವು ತಂದ ತುಂಡಿನಲ್ಲಿ ಎಟಿಪಿ ಇನ್ನೂ ಇದೆ. ಕೆಲವೊಮ್ಮೆ ಪಾತ್ರೆಯಲ್ಲೇ ಅದು ಅದುರುವುದನ್ನು ನೋಡಿರುತ್ತೀರಿ. ಒಲೆಯ ಬಿಸಿ ತಾಗಿದಾಗ ಇದ್ದ ಶಕ್ತಿಯನ್ನೆಲ್ಲ ಸುರಿದು ಖಂಡ ಕುಗ್ಗುತ್ತದೆ. ಹಿಡಿದೆಳೆಯಲು ಮೂಳೆಯೂ ಇಲ್ಲ, ಹಾಗಾಗಿ ತುಂಡು ಗಿಡ್ಡವಾಗಿ ದಪ್ಪಗಾಗುತ್ತದೆ, ನೀರು ಬಿಡುತ್ತದೆ. ಆಮೇಲೆ ಎಷ್ಟು ವಿಸಲ್ ಕೂಗಿಸಿದರೂ ಆ ಬಿಗಿ ಪೂರ್ತಿ ಬಿಡುವುದಿಲ್ಲ.

ಹಾಗಂತ ಸಣ್ಣ ತುಂಡು ಮಾಡಿಸಿ ತಂದು ಒಡನೆ ಫ್ರಿಜ್ಜಿಗೆ ತುರುಕಿದರೆ ಇನ್ನೊಂದು ಎಡವಟ್ಟು. ಸೆಟೆಯುವ ಮೊದಲೇ 10 ಡಿಗ್ರಿಗಿಂತ ಕೆಳಗೆ ತಣಿದ ಖಂಡ ಚಳಿಗೇ ಕುಗ್ಗುತ್ತದೆ. ಫ್ರೀಜರ್ ಇನ್ನೂ ಕೆಟ್ಟದ್ದು: ಹೆಪ್ಪು ಕರಗುವಾಗ ಉಳಿದ ಎಟಿಪಿ ಒಮ್ಮೆಗೇ ಖರ್ಚಾಗಿ, ತುಂಡು ಮುದುಡಿ ರಸ ಸುರಿಸುತ್ತದೆ.

ಆದ್ದರಿಂದ ಶನಿವಾರ ಬೆಳಗ್ಗೆಯೇ ತನ್ನಿ. ತೊಡೆಯನ್ನೋ ಮುಂಗಾಲನ್ನೋ ಮೂಳೆ ಸಮೇತ, ಕತ್ತರಿಸದೆ ಇಡಿಯಾಗಿ ಕೇಳಿ. ತೊಳೆಯಬೇಡಿ, ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳತಟ್ಟೆಯಲ್ಲಿಡಿ. ದೊಡ್ಡ ತುಂಡು ನಿಧಾನವಾಗಿ ತಣಿಯುತ್ತದೆ, ಮೂಳೆ ಖಂಡವನ್ನು ಕುಗ್ಗಲು ಬಿಡುವುದಿಲ್ಲ. 24 ಗಂಟೆ ಕಳೆದು ಹೆಬ್ಬೆರಳಿನಿಂದ ಒತ್ತಿ. ಮಾಂಸ ಮಣಿದರೆ ಕತ್ತರಿಸಿ, ಇನ್ನೂ ಬಿಗಿಯಿದ್ದರೆ ಮತ್ತೊಂದು ದಿನ ಬಿಡಿ. ಮೆದುವಾಗಲಿ ಎಂದು ಬೇಸಿಗೆಯಲ್ಲಿ ಅಡುಗೆಮನೆ ಕಟ್ಟೆಯ ಮೇಲೆ ದಿನವಿಡೀ ಇಡುವ ಸಾಹಸ ಮಾತ್ರ ಬೇಡ.

ಪ್ರಶ್ನೆ: ಸೆಟೆದ ಮಾಂಸ ಹಳೇದು ಅಲ್ವಾ?

ಉತ್ತರ: ಅಲ್ಲ. ಹಳಸಿದ್ದಕ್ಕೆ ವಾಸನೆ, ಬೆರಳಿಗೆ ಲೋಳೆಯ ಅಂಟು ನೋಡಿ.

ಪ್ರಶ್ನೆ: ಕುಕ್ಕರಿಗೆ ತೆಂಗಿನ ಚಿಪ್ಪು ಹಾಕಿದ್ರೆ?

ಉತ್ತರ: ಚಿಪ್ಪು ಬೇಯುತ್ತದೆ.

ಪ್ರಶ್ನೆ: ಕೋಳಿಗೂ ಒಂದು ದಿನ ಬೇಕಾ?

ಉತ್ತರ: ಬೇಡ. ಬ್ರಾಯ್ಲರನ್ನು ಮೂಳೆಯಿಂದ ಬಿಡಿಸದೆ ಫ್ರಿಜ್ಜಿನಲ್ಲಿ ನಾಲ್ಕರಿಂದ ಆರು ಗಂಟೆ ಇಟ್ಟರೆ ಸಾಕು. ವರ್ಷ ದಾಟಿದ ನಾಟಿ ಕೋಳಿಯ ಬಿಗಿ, ಖಂಡವನ್ನು ಹಿಡಿದಿಡುವ ಕೊಲಾಜೆನ್ ಎಂಬ ನಾರು ಬಲಿತದ್ದರಿಂದ. ಅದಕ್ಕೆ ಸಣ್ಣ ಉರಿಯಲ್ಲಿ ಹೊತ್ತು ಹಿಡಿದು ಬೇಯಿಸುವುದೇ ದಾರಿ.