ಹಳೇ ಡೈರಿಲಿ ಸಿಕ್ಕ 55 ನಿಮಿಷ

"ಹನ್ನೆರಡು ವರ್ಷದಿಂದ ಹೆಚ್ಚುಕಮ್ಮಿ ಒಂದೇ ಥರ ಕೆಲ್ಸ ಮಾಡಿದೀನಿ, ಈಗ ಪ್ರೊಫೈಲ್ ತಿದ್ದೋಕೆ ಕೂತ್ರೆ ಸಾಧನೆ ಅಂತ ಬರೆಯೋಕೆ ಒಂದೂ ನೆನಪಿಗೆ ಬರ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?"

ಡೈರಿಯಿಂದ ಶುರು ಮಾಡಿ, ನೆನಪಿಂದ ಬೇಡ. ನಂಗೆ ಆಗಿದ್ದನ್ನೇ ಹೇಳ್ತೀನಿ.

ನಾನು ತುಮಕೂರಿನ ಹತ್ರ ವಸಂತನರಸಾಪುರದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಫ್ಯಾಕ್ಟರಿ ಒಂದ್ರಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಹೋದ ತಿಂಗ್ಳು ಒಂದಿನ ಸೆಕೆಂಡ್ ಶಿಫ್ಟ್‌ನವ್ರ ಫೋನೆಲ್ಲ ಮುಗಿಯೋ ಹೊತ್ಗೆ ರಾತ್ರಿ 11 ಆಗಿತ್ತು, ಮಗಳು ಮಲಗಿದ್ಲು, ಅವತ್ತು ಮೀಟಿಂಗಲ್ಲಿ ಕೇಳ್ಸಿಕೊಂಡಿದ್ದು ಇನ್ನೂ ಕಿವೀಲೇ ಇತ್ತು, ನಿದ್ದೆ ಬರಲಿಲ್ಲ ಅಂತ ಲಿಂಕ್ಡ್‌ಇನ್ ತೆಗ್ದೆ. ನನ್ನ ಕೆಲ್ಸದ ಕೆಳಗೆ ಒಂದೇ ಸಾಲಿತ್ತು: "ದಿನನಿತ್ಯದ ಉತ್ಪಾದನೆ ಮತ್ತು ಗುಣಮಟ್ಟದ ಹೊಣೆ". ಅದನ್ನ ಯಾರು ಬೇಕಾದ್ರೂ ಬರ್ಕೋಬಹುದಿತ್ತು. ಅರ್ಧ ಗಂಟೆ ಕೂತೆ, ಒಂದಕ್ಷರ ಹೊಳೀಲಿಲ್ಲ, ಬರೀ ಈ ವಾರದ ರಿಜೆಕ್ಷನ್ನು, ಲೇಟಾದ ಡಿಸ್ಪ್ಯಾಚು ಇವೇ ತಲೇಲಿ. ಸುಸ್ತಾದಾಗ ಹೀಗೇನೇ, ಇವತ್ತು ಕೆಟ್ಟಿದ್ದು ಎದ್ದು ಕಾಣತ್ತೆ, ನಾವೇ ಸರಿ ಮಾಡಿದ್ದು ಈಗ ಮಾಮೂಲಾಗಿ ಹೋಗಿರತ್ತೆ.

ಆಮೇಲೆ ಬೀರು ತೆಗ್ದು ಹಳೇ ಶಿಫ್ಟ್ ಡೈರಿಗಳನ್ನ ಈಚೆ ಹಾಕ್ದೆ. 2019ರದ್ರಲ್ಲಿ ಪುಟ ಪುಟಕ್ಕೂ "ಮೋ.ಚೇ." ಅಂತ ಬರ್ದು ಪಕ್ಕದಲ್ಲಿ ನಿಮಿಷ ಹಾಕಿದ್ದೆ. ಮೋಲ್ಡ್ ಚೇಂಜ್. ಮಷಿನ್‌ನಿಂದ ಒಂದು ಮೋಲ್ಡ್, ಅಂದ್ರೆ ಪ್ಲಾಸ್ಟಿಕ್‌ಗೆ ಆಕಾರ ಕೊಡೋ ಅಚ್ಚು, ಇಳ್ಸಿ ಇನ್ನೊಂದು ಏರ್ಸೋದು. ಹಳೇದ್ರ ಕೊನೇ ಒಳ್ಳೇ ಪೀಸ್‌ನಿಂದ ಹೊಸದ್ರ ಮೊದಲ್ನೇ ಒಳ್ಳೇ ಪೀಸ್‌ವರೆಗೂ ಟೈಮ್ ಹಿಡೀಬೇಕು, ಬೋಲ್ಟ್ ಬಿಗಿಯಾದ ತಕ್ಷಣ ನಿಲ್ಸಿದ್ರೆ ಲೆಕ್ಕ ಸುಳ್ಳಾಗತ್ತೆ. ಜನವರೀಲಿ ಸರಾಸರಿ 160 ನಿಮಿಷ. ಆಗಸ್ಟ್‌ನಲ್ಲಿ 55.

ಇದನ್ನ ನಾನು ಪೂರ್ತಿ ಮರ್ತಿದ್ದೆ ಕಣ್ರೀ! ಓದ್ತಾ ಓದ್ತಾ ಒಂದೊಂದೇ ವಾಪಸ್ ಬಂತು. ಮಷಿನ್ ನಿಂತ್ಮೇಲೆ ಏನೇನ್ ಮಾಡ್ತಾರೆ ಅಂತ ಮೋಲ್ಡ್ ಬದಲಾಯ್ಸೋ ಸೆಟ್ಟರ್ ಹಿಂದೆ ಒಂದ್ ವಾರ ವಾಚ್ ಹಿಡ್ಕೊಂಡು ನಿಂತಿದ್ದೆ. ಮೋಲ್ಡನ್ನ ಸ್ಟೋರ್‌ನಿಂದ ತರೋದು, ಸ್ಪ್ಯಾನರ್ ಹುಡ್ಕೋದು, ತಣ್ಣಗಿರೋ ಮೋಲ್ಡ್ ಬಿಸಿಯಾಗ್ಲಿ ಅಂತ ಕಾಯೋದು, ಅರ್ಧಕ್ಕರ್ಧ ಟೈಮ್ ಇದ್ರಲ್ಲೇ ಹೋಗ್ತಿತ್ತು, ಇದ್ಯಾವ್ದಕ್ಕೂ ಮಷಿನ್ ನಿಲ್ಸೋ ಅಗತ್ಯಾನೇ ಇರ್ಲಿಲ್ಲ. ಹಳೇ ಮೋಲ್ಡ್ ಇನ್ನೂ ಓಡ್ತಿರುವಾಗ್ಲೇ ಹೊಸದನ್ನ ಪಕ್ಕಕ್ಕೆ ತಂದು ಬಿಸಿ ನೀರು ಓಡ್ಸಿ ರೆಡಿ ಇಡೋ ಹಾಗೆ ಮಾಡಿದ್ವಿ. ನೀರಿನ ಹೋಸ್‌ಗೆ ಕ್ಲಿಪ್ ಬದ್ಲು ಒತ್ತಿದ್ರೆ ಕೂರೋ ಕಪ್ಲಿಂಗ್ ಹಾಕ್ಸಿದ್ವಿ.

ವಾರಕ್ಕೆ 9 ಸಲ ಮೋಲ್ಡ್ ಬದಲಾಗ್ತಿತ್ತು. ಒಂದ್ಸಲಕ್ಕೆ 105 ನಿಮಿಷ ಉಳಿದ್ರೆ ವಾರಕ್ಕೆ 945 ನಿಮಿಷ, ಅಂದ್ರೆ ಹತ್ರ ಹತ್ರ 16 ಗಂಟೆ. ಎರಡು ಶಿಫ್ಟ್! ಆ ರಾತ್ರಿ ಬರ್ದಿದ್ದು ಹೀಗೆ: "8 ತಿಂಗಳಲ್ಲಿ ಮೋಲ್ಡ್ ಬದಲಾವಣೆಯ ಸಮಯ 160ರಿಂದ 55 ನಿಮಿಷಕ್ಕೆ ಇಳಿಕೆ, ವಾರಕ್ಕೆ ಸುಮಾರು 2 ಶಿಫ್ಟ್ ಮಷಿನ್ ಸಮಯ ಉಳಿತಾಯ. ಸಮಯದ ಅಧ್ಯಯನ ಮತ್ತು ಹೊಸ ಕ್ರಮ ನನ್ನದು, ಜಾರಿ 4 ಜನ ಸೆಟ್ಟರ್‌ಗಳ ಜೊತೆ." ಕೊನೇ ವಾಕ್ಯ ಬಿಡ್ಬೇಡಿ, ಇಂಟರ್‌ವ್ಯೂನಲ್ಲಿ ಮೊದ್ಲು ಕೇಳೋದೇ ನೀವೇನ್ ಮಾಡಿದ್ರಿ ಅಂತ.

ಅದೇ ಡೈರಿಲಿ ರಿಜೆಕ್ಷನ್ ಅರ್ಧ ಆಗಿದ್ದೂ ಇತ್ತು, ಕೈ ತುರಿಸ್ತು, ಆದ್ರೆ ಹಾಕ್ಲಿಲ್ಲ. ಅದೇ ತಿಂಗ್ಳು ಕಸ್ಟಮರ್ ಮೋಲ್ಡ್ ರಿಪೇರಿ ಮಾಡ್ಸಿ ಕಳ್ಸಿದ್ರು, ಅದ್ರಲ್ಲಿ ನನ್ ಪಾಲೆಷ್ಟು ಅಂತ ಬೇರೆ ಮಾಡೋಕಾಗಲ್ಲ. ಕಸ್ಟಮರ್ ಹೆಸ್ರು, ಪಾರ್ಟ್ ಹೆಸ್ರು, ರೇಟು ಇವನ್ನಂತೂ ಎಲ್ಲೂ ಹಾಕ್ಬೇಡಿ. ಸೇವ್ ಮಾಡೋಕೆ ಮುಂಚೆ Notify network ಆಫ್ ಇದ್ಯಾ ನೋಡ್ಕೊಳಿ, ಇಲ್ಲಾಂದ್ರೆ ಬೆಳಿಗ್ಗೆ ಆಫೀಸಲ್ಲಿ ಎಲ್ರಿಗೂ ಗೊತ್ತಾಗಿರತ್ತೆ.

ಡೈರಿ ಇಲ್ದೇ ಇದ್ರೆ ಸೆಂಟ್ ಮೇಲ್ ನೋಡಿ, ಹಳೇ ಅಪ್ರೈಸಲ್ ಫಾರಂ ನೋಡಿ, ಅದೂ ಇಲ್ಲಾಂದ್ರೆ ಜೊತೇಲಿದ್ದವ್ರಿಗೆ ಫೋನ್ ಮಾಡಿ. ನಾನು ಮಾರನೇ ದಿನ ಹಳೇ ಸೆಟ್ಟರ್‌ಗೆ ಮಾಡ್ದೆ, ಈಗ ಅವ್ರು ಬೇರೆ ಕಡೆ ಇದಾರೆ. 55 ನಿಮಿಷ ಸರೀನಾ ಅಂತ ಕೇಳಿದ್ದಕ್ಕೆ, "ಸರಿ ಮೇಡಂ, ಆದ್ರೆ ಬೋಲ್ಟ್ ವಿಷ್ಯ ಬರ್ದ್ರಾ? ಎಲ್ಲಾ ಮೋಲ್ಡ್‌ಗೂ ಒಂದೇ ಸೈಜ್ ಬೋಲ್ಟ್ ಮಾಡ್ಸಿದ್ದು ನೀವೇ ಅಲ್ವಾ, ನಾವು ನಾಲ್ಕು ಸ್ಪ್ಯಾನರ್ ಹೊತ್ಕೊಂಡು ಓಡಾಡೋದು ತಪ್ತು" ಅಂದ್ರು.

ಡೈರಿಲಿ ಅದಿರ್ಲಿಲ್ಲ. ಅವತ್ತು ರಾತ್ರಿ ಅದನ್ನೂ ಸೇರ್ಸಿದೆ.