ಸೇವಾ ಪ್ರಮಾಣಪತ್ರ ಬೇರೆ, ಶಿಫಾರಸು ಪತ್ರ ಬೇರೆ

*ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. 14 ವರ್ಷದಿಂದ ಇರುವ ನಮ್ಮ ಸ್ಟೋರ್ಸ್ ಇನ್‌ಚಾರ್ಜ್ ವಾರಾಂತ್ಯದ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಅರ್ಜಿ ಹಾಕುತ್ತಿದ್ದಾರೆ. ಅದಕ್ಕೆ ಶಿಫಾರಸು ಪತ್ರ ಕೇಳಿದರು. ‘ಪ್ರಾಮಾಣಿಕ, ಶ್ರಮಜೀವಿ, ತಡವಾಗಿ ಬಂದವರೇ ಅಲ್ಲ’ ಎಂದು ಬರೆದುಕೊಟ್ಟೆ. ‘ಇದು ಸಾಲದು ಸಾರ್’ ಎಂದು ವಾಪಸ್ ತಂದರು. ಇನ್ನೇನು ಬರೆಯಲಿ?*
*– ಓದುಗರು, ಬೆಂಗಳೂರು*

ಅವರು ಹೇಳಿದ್ದು ಸರಿ. ನೀವು ಕೊಟ್ಟದ್ದು ಕೆಲಸ ಬಿಟ್ಟು ಹೋಗುವವರಿಗೆ ಕೊಡುವ ಸರ್ಟಿಫಿಕೇಟ್. ಹಳಬರ ವಿಷಯದಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ: ನಂಬಿಕೆ ಎಷ್ಟು ಹಳೆಯದೋ ವಿವರ ಅಷ್ಟು ತೆಳು. ಆಯ್ಕೆ ಸಮಿತಿಗೆ ಬೇಕಿರುವುದು ಈ ಮನುಷ್ಯ ತೀರ್ಮಾನ ಹೇಗೆ ತೆಗೆದುಕೊಳ್ಳುತ್ತಾರೆ ಎಂಬುದು. ಆದ್ದರಿಂದ 14 ವರ್ಷವನ್ನು ಒಂದೇ ವಾಕ್ಯದಲ್ಲಿ ಮುಗಿಸಿ. ಯಾವ ಹುದ್ದೆಗೆ ಸೇರಿದರು, ಈಗ ಯಾವುದರಲ್ಲಿದ್ದಾರೆ, ನೀವು ನೇರವಾಗಿ ಎಷ್ಟು ವರ್ಷ ಅವರ ಕೆಲಸ ನೋಡಿದ್ದೀರಿ, ಇಷ್ಟು ಸಾಕು.

ಉಳಿದ ಜಾಗ ಕಳೆದ ಎರಡು ಮೂರು ವರ್ಷದ ಒಂದೇ ಘಟನೆಗೆ ಇರಲಿ. ಮಾದರಿಗೆ ಹೀಗೆ:

“ಲೋಹ ಕತ್ತರಿಸುವ ಇನ್ಸರ್ಟ್ ಬಿಲ್ಲೆಗಳು ಖಾಲಿಯಾಗಿ ಸಿಎನ್‌ಸಿ ಯಂತ್ರ ತಿಂಗಳಿಗೆ ನಾಲ್ಕೈದು ಸಲ ನಿಲ್ಲುತ್ತಿತ್ತು. ಯಾರೂ ಹೇಳದೆ ಅವರೇ ಆರು ತಿಂಗಳ ಇಂಡೆಂಟ್ ಪುಸ್ತಕ ತೆಗೆದು ಕೂತರು. ದಿನಕ್ಕೆ 8 ಇನ್ಸರ್ಟ್ ಖರ್ಚಾಗುತ್ತದೆ, ಮಾಲು ಬರಲು 10 ದಿನ ಬೇಕು, ಜೊತೆಗೆ 40 ಕಾಪು ದಾಸ್ತಾನು. ಹಾಗಾಗಿ 120ಕ್ಕೆ ಇಳಿದ ಕೂಡಲೇ ಆರ್ಡರ್ ಎಂದು ಗೊತ್ತುಮಾಡಿದರು. ಮುಂದಿನ ಆರು ತಿಂಗಳಲ್ಲಿ ಯಂತ್ರ ನಿಂತದ್ದು ಒಂದೇ ಸಲ.”

ಇದರಲ್ಲಿ ‘ಬುದ್ಧಿವಂತ’ ಎಂಬ ಮಾತೇ ಇಲ್ಲ, ಗಮನಿಸಿ. ಅಂಕಿಗಳು ಮಾತ್ರ ನಿಮ್ಮ ರಿಜಿಸ್ಟರಿನವೇ ಆಗಿರಲಿ. ಸಂದರ್ಶನದಲ್ಲಿ ಅದನ್ನೇ ಕೆದಕುತ್ತಾರೆ.

ಕುಂದನ್ನು ಮುಚ್ಚಿಡಬೇಡಿ. ವಿದೇಶದ ಅನೇಕ ಬಿ-ಸ್ಕೂಲ್‌ಗಳು ಬಳಸುವ, ಜಿಮ್ಯಾಟ್ ಪ್ರವೇಶ ಪರೀಕ್ಷೆ ನಡೆಸುವ ಜಿಮ್ಯಾಕ್ ಸಂಸ್ಥೆಯ ಶಿಫಾರಸು ನಮೂನೆಯಂತೂ ನೀವು ಅಭ್ಯರ್ಥಿಗೆ ಹೇಳಿದ ಮುಖ್ಯ ತಿದ್ದುಪಡಿ ಯಾವುದು, ಅದಕ್ಕೆ ಅವರು ಹೇಗೆ ಸ್ಪಂದಿಸಿದರು ಎಂದು ನೇರವಾಗಿ ಕೇಳುತ್ತದೆ. ‘ಅತಿಯಾಗಿ ದುಡಿಯುತ್ತಾರೆ’ ಎಂಬ ಜಾಣ ಉತ್ತರ ಅಲ್ಲಿ ನಡೆಯದು. ‘ಎಲ್ಲವನ್ನೂ ತಾವೇ ಮಾಡುತ್ತಿದ್ದರು, ರಜೆ ಹಾಕಿದರೆ ಸ್ಟೋರ್ಸ್ ನಿಲ್ಲುತ್ತಿತ್ತು. ಹೇಳಿದ ಮೇಲೆ ಇಬ್ಬರು ಹುಡುಗರನ್ನು ತಯಾರು ಮಾಡಿದರು’ ಎನ್ನುವುದು ನಿಜವಾಗಿದ್ದರೆ ಅದನ್ನೇ ಬರೆಯಿರಿ. ಬಹುಕಾಲ ಬಡ್ತಿ ಸಿಕ್ಕಿಲ್ಲವೆಂದರೆ ಕಾರಣವನ್ನೂ ನೀವೇ ತಿಳಿಸಿ. ಸಣ್ಣ ಕಾರ್ಖಾನೆಯಲ್ಲಿ ಅದರ ಮೇಲಿನ ಹುದ್ದೆಯೇ ಇರುವುದಿಲ್ಲ.

‘ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ’ ಎನ್ನಬೇಡಿ. ಅವರು ಅರ್ಜಿಯ ಜೊತೆ ಬರೆಯುವ ಪ್ರಬಂಧಕ್ಕೂ ನಿಮ್ಮ ಪತ್ರಕ್ಕೂ ಒಂದೇ ಶೈಲಿ ಬಂದರೆ ಓದುವವರಿಗೆ ತಿಳಿಯುತ್ತದೆ. ಅವರಿಂದ ಘಟನೆಗಳ ಪಟ್ಟಿಯನ್ನಷ್ಟೇ ಕೇಳಿ. ಆನ್‌ಲೈನ್ ಅರ್ಜಿಯಾದರೆ ಲಿಂಕ್ ನಿಮ್ಮ ಇಮೇಲ್‌ಗೇ ಬರುತ್ತದೆ. ಕಂಪನಿಯ ಇಮೇಲ್ ವಿಳಾಸ ಕೊಡಿ, ಸ್ಪ್ಯಾಮ್ ಫೋಲ್ಡರನ್ನೂ ನೋಡುತ್ತಿರಿ.

ಶನಿವಾರದ ಪಾಳಿಯಿಂದ ಬಿಡುವು ಕೊಡುವ ಮಾತು ಈ ಪತ್ರದಲ್ಲಿ ಬೇಡ. ಕಾಲೇಜು ಕೇಳಿದರೆ ಅದಕ್ಕೆ ಲೆಟರ್‌ಹೆಡ್‌ನಲ್ಲಿ ಬೇರೆಯಾಗಿ ಎನ್‌ಒಸಿ ಕೊಡಿ. ಸೇರಿದ ದಿನಾಂಕ, ಹುದ್ದೆಯ ಹೆಸರು ಎರಡರಲ್ಲೂ ಒಂದೇ ಇರಲಿ.