‘ಇ, ಎಫ್ ಪಿ, ಟಿ ಓ ಝಡ್’: ಕಣ್ಣಿನ ಟೆಸ್ಟಿಗೆ ಹೆದರಿದ ಹುಡುಗ

ಈ ಹುಡುಗನ ಹೆಸರು ಬೇರೆ, ಇಲ್ಲಿ ಚಿನ್ನು ಅಂತ ಕರೆಯುತ್ತೇನೆ. ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ದಾವಣಗೆರೆಯವನು, ಎಂಟು ವರ್ಷ, ಮೂರನೇ ಕ್ಲಾಸು.

“ಕಣ್ಣಿನ ಆಸ್ಪತ್ರೆ ಅಂದ್ರೆ ಸಾಕು ಮೇಡಂ, ವಾಂತಿ ಮಾಡ್ಕೊಳ್ತಾನೆ” ಅಂತ ಅವನ ಅಮ್ಮ ನನ್ನ ಹತ್ತಿರ ಸಲಹೆ ಕೇಳೋಕೆ ಬಂದಿದ್ದರು. ಎರಡು ಸಲ ಗೇಟಿನವರೆಗೆ ಹೋಗಿ ವಾಪಸ್ ಬಂದಿದ್ದರಂತೆ. ಬೋರ್ಡ್ ಕಾಣದೆ ಪಕ್ಕದವನ ನೋಟ್‌ಬುಕ್ ನೋಡಿ ಬರೀತಾನೆ ಅಂತ ಟೀಚರ್ ಹೇಳಿದ್ದರು. ಆದರೆ ಶಾಲೆಯ ವರಾಂಡದಲ್ಲಿ ಚಾರ್ಟ್ ನೇತುಹಾಕಿ ಎಲ್ಲ ಮಕ್ಕಳನ್ನೂ ಓದಿಸಿದಾಗ ಇವನು ಪಾಸ್ ಆಗಿದ್ದ!

ಅದು ಹೇಗೆ ಅಂತ ಅವನನ್ನೇ ಕೇಳಿದೆ. ಚಾರ್ಟಲ್ಲಿ ಏನಿತ್ತಪ್ಪಾ? ಕಾಲು ಆಡಿಸುತ್ತಾ, ಕಿಟಕಿ ಕಡೆ ನೋಡುತ್ತಾ, ಮಗ್ಗಿ ಹೇಳುವ ರಾಗದಲ್ಲೇ ಶುರು ಮಾಡಿದ: “ಇ, ಎಫ್ ಪಿ, ಟಿ ಓ ಝಡ್, ಎಲ್ ಪಿ ಇ ಡಿ...” ಸಾಲಿನಲ್ಲಿ ಹಿಂದೆ ನಿಂತಿದ್ದವನು, ಮುಂದಿನವರು ಓದಿದ್ದನ್ನೆಲ್ಲ ಕೇಳಿ ಬಾಯಿಪಾಠ ಮಾಡಿಬಿಟ್ಟಿದ್ದ. ಬಲದಿಂದ ಎಡಕ್ಕೆ ಓದಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದ.

ಅಂದರೆ ಅವನಿಗೆ ಭಯ ಇದ್ದದ್ದು ಕಣ್ಣಿಗೆ ಏನೋ ಮಾಡ್ತಾರೆ ಅಂತ ಅಷ್ಟೇ ಅಲ್ಲ, ಫೇಲ್ ಆಗ್ತೀನಿ ಅಂತ. ನಾವೇ ಅದನ್ನ ‘ಟೆಸ್ಟು’ ಅಂತೀವಲ್ಲ! ಜೊತೆಗೆ, ಕಣ್ಣಿಗೆ ಸೂಜಿ ಹಾಕ್ತಾರೆ ಅಂತ ಅಣ್ಣ ಬೇರೆ ಹೆದರಿಸಿದ್ದ.

ಅಮ್ಮನಿಗೆ ನಾನು ಹೇಳಿದ್ದು ಇಷ್ಟು. “ಏನೂ ಆಗಲ್ಲ, ಸುಮ್ನೆ ಬಾ” ಅನ್ನಬೇಡಿ. ಡ್ರಾಪ್ಸ್ ಉರಿಯುತ್ತೆ, ಉರಿದ ಕ್ಷಣದಲ್ಲಿ ನೀವು ಹೇಳಿದ್ದೆಲ್ಲ ಸುಳ್ಳಾಗುತ್ತೆ. ಐಸ್‌ಕ್ರೀಂ ಆಸೆಯನ್ನೂ ಮೊದಲೇ ಹಚ್ಚಬೇಡಿ, ದೊಡ್ಡ ಲಂಚ ಅಂದ್ರೆ ದೊಡ್ಡ ನೋವು ಅಂತ ಮಕ್ಕಳು ಲೆಕ್ಕ ಹಾಕ್ತಾರೆ. ಅಲ್ಲಿ ನಡೆಯೋದನ್ನ ನಡೆಯೋ ಕ್ರಮದಲ್ಲೇ ಕಥೆ ಮಾಡಿ ಹೇಳಿ. ಐದು ಹಾಳೆಯಲ್ಲಿ ನಾನೇ ಬರೆದುಕೊಟ್ಟೆ, ಮೂರು ರಾತ್ರಿ ಮಲಗೋ ಮುಂಚೆ ಓದಿ ಅಂದೆ.

*ಗುಂಡ ಕಣ್ಣಿನ ಡಾಕ್ಟರ ಹತ್ತಿರ ಹೋದ. ದೂರದಲ್ಲಿ ಒಂದು ಚಾರ್ಟ್ ಇತ್ತು. ಮೇಲೆ ದೊಡ್ಡ ಅಕ್ಷರ, ಕೆಳಗೆ ಇರುವೆಯಂಥ ಅಕ್ಷರ. ಮೂರನೇ ಸಾಲು ಗುಂಡನಿಗೆ ಕಾಣಲಿಲ್ಲ. “ಕಾಣ್ತಿಲ್ಲ” ಅಂದ. “ಸರಿಯಾಗಿ ಹೇಳಿದೆ” ಅಂದ್ರು ಚಾರ್ಟ್ ಓದಿಸ್ತಿದ್ದ ಅಕ್ಕ. ‘ಕಾಣ್ತಿಲ್ಲ’ ಅನ್ನೋದೂ ಅಲ್ಲಿ ಸರಿ ಉತ್ತರ!*

*ಆಮೇಲೆ ಡ್ರಾಪ್ಸ್. ಈರುಳ್ಳಿ ಹೆಚ್ಚಿದಂಗೆ ಉರೀತು. ಅಮ್ಮನ ಕೈ ಹಿಡಿದು ಎಣಿಸಿದ, ಉರಿ ಹೋಯ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಹಾಕಿದ್ರು. ಮುಕ್ಕಾಲು ಗಂಟೆ ಕಾಯ್ತಾ ಗುಂಡ ಮಂಡಕ್ಕಿ ತಿಂದ.*

*ಕತ್ತಲೆ ರೂಮಲ್ಲಿ ಡಾಕ್ಟರು ಕಣ್ಣಿಗೆ ಪುಟ್ಟ ಲೈಟ್ ಬಿಟ್ಟು ಆ ಕಡೆ ಈ ಕಡೆ ಆಡಿಸಿದ್ರು. ಗುಂಡ ಮಾತೇ ಆಡಲಿಲ್ಲ. ಕಣ್ಣೇ ಒಳಗಿಂದ ಉತ್ತರ ಹೇಳ್ತು.*

ಕೊನೆಯ ಮಾತು ಬರೀ ಕಥೆಯಲ್ಲ. ರೆಟಿನೋಸ್ಕೋಪ್ ಅನ್ನೋ ಆ ಲೈಟು ಕಣ್ಣೊಳಗಿಂದ ವಾಪಸ್ ಬರುವಾಗ ಯಾವ ಕಡೆ ಸರಿಯುತ್ತೆ ಅಂತ ನೋಡಿ, ಆ ಸರಿದಾಟ ನಿಲ್ಲಿಸೋ ಗಾಜು ಯಾವುದು ಅಂತ ಹುಡುಕಿ, ಮಗು ಬಾಯಿ ಬಿಡದೇ ಇದ್ದರೂ ಪವರ್ ಎಷ್ಟು ಅಂತ ಅಂದಾಜು ಮಾಡ್ತಾರೆ. ಡ್ರಾಪ್ಸ್ ಹಾಕೋದೂ ಇದಕ್ಕೇ. ಮಕ್ಕಳು ಫೋಕಸ್ ಮಾಡೋಕೆ ಕಣ್ಣೊಳಗಿನ ಸ್ನಾಯು ಬಿಗಿ ಹಿಡಿದರೆ ಲೆಕ್ಕ ತಪ್ಪುತ್ತೆ, ಡ್ರಾಪ್ಸ್ ಅದನ್ನ ಸಡಿಲ ಮಾಡುತ್ತೆ. ಇದನ್ನ ಹೇಳಿದಾಗ ಚಿನ್ನು ಕೇಳಿದ್ದು, “ಹಾಗಾದ್ರೆ ನಾನು ತಪ್ಪು ಹೇಳಿದ್ರೂ ಅವರಿಗೆ ಗೊತ್ತಾಗುತ್ತಾ?” ಗೊತ್ತಾಗುತ್ತೆ ಅಂದೆ. ಆಗ ಆ ಮುಖ ಸಡಿಲವಾಗಿದ್ದನ್ನ ನೀವು ನೋಡಬೇಕಿತ್ತು.

ಈ ಸಲ ಗೇಟು ದಾಟಿದ. ಚಾರ್ಟಿನ ಎರಡು ಸಾಲು ಓದಿ, ಮೂರನೆಯದಕ್ಕೆ ಜೋರಾಗಿ “ಕಾಣ್ತಿಲ್ಲ!” ಅಂದನಂತೆ.

ಆದರೆ ನನ್ನದೂ ಒಂದು ತಪ್ಪಾಯ್ತು. ಸಂಜೆ ಅಮ್ಮನ ಫೋನು, ಹಿಂದೆ ಹುಡುಗನ ಅಳು. ಹೋಂವರ್ಕ್ ತೆಗೆದರೆ ಹತ್ತಿರದ ಅಕ್ಷರ ಮಸುಕು, ಟ್ಯೂಬ್‌ಲೈಟ್ ನೋಡಿದರೆ ಕಣ್ಣು ಚುಚ್ಚುತ್ತೆ. “ಕಣ್ಣೇ ಹೋಯ್ತು” ಅಂತ ಅಳ್ತಿದ್ದಾನೆ. ಹಾಕಿದ್ದು ಸೈಕ್ಲೋಪೆಂಟೋಲೇಟ್ ಡ್ರಾಪ್ಸ್. ಅದಕ್ಕೆ ಪಾಪೆ ಹಿಗ್ಗಿರುತ್ತೆ, ಹತ್ತಿರದ್ದು ಮಸುಕಾಗುತ್ತೆ, ಹೆಚ್ಚು ಕಡಿಮೆ ಒಂದು ದಿನದಲ್ಲಿ ಸರಿಹೋಗುತ್ತೆ. (ಆಟ್ರೋಪಿನ್ ಹಾಕಿದ್ದರೆ ವಾರ ದಾಟಬಹುದು.) ಆರಿಸಿ ಆರಿಸಿ ನಿಜವನ್ನೇ ಬರೆದವಳು ಇದನ್ನ ಮಾತ್ರ ಬಿಟ್ಟಿದ್ದೆ. ಅವತ್ತು ಹೋಂವರ್ಕ್ ಬೇಡ, ಬಿಸಿಲಿಗೆ ಹೋಗೋದಾದ್ರೆ ಟೋಪಿ ಹಾಕಿ ಅಂದೆ. ಬೆಳಿಗ್ಗೆ ಆರನೇ ಹಾಳೆ ಬರೆದು ಕಳಿಸಿದೆ: *ಮಾರನೇ ದಿನದವರೆಗೂ ಗುಂಡನ ಪುಸ್ತಕ ಮಂಜು ಮಂಜು. ಆಮೇಲೆ ಮಂಜು ಹೋಯ್ತು.*

ಎರಡು ದಿನ ಬಿಟ್ಟು ಮತ್ತೆ ಕರೆದಿದ್ದರು. ಭಾರದ ದುಂಡನೆ ಫ್ರೇಮಿಗೆ ಗಾಜು ಬದಲಿಸಿ ಬದಲಿಸಿ “ಇದಾ, ಅದಾ?” ಅಂತ ಕೇಳಿದರಂತೆ. “ಎರಡೂ ಒಂದೇ” ಅಂತ ಧೈರ್ಯವಾಗಿ ಹೇಳಿದ್ದಾನೆ. ಎರಡೂ ಕಣ್ಣಿಗೆ ಮೈನಸ್ 1.75. ಆರು ತಿಂಗಳಿಗೆ ಮತ್ತೆ ತೋರಿಸಬೇಕು.

ಆ ಹಾಳೆಗಳು ಈಗ ಅವನ ತಂಗಿಯ ಹತ್ತಿರ ಇವೆ. ‘ಈರುಳ್ಳಿ’ ಅನ್ನೋದನ್ನ ಹೊಡೆದುಹಾಕಿ ಮೇಲೆ ‘ಶಾಂಪೂ’ ಅಂತ ಬರೆದಿದ್ದಾನೆ.